ಏರು ಕಂಡ ಕಡೆಗೆ

ಬಸ್ಸಿಗೆ ಕಾಯುವಾಗ ಕೆಲವರು ಪದಬಂಧ ಬಿಡಿಸುತ್ತಾರೆ, ಕೆಲವರು ಸುಡೊಕು ತುಂಬುತ್ತಾರೆ. ನನ್ನ ಚಪಲ ಬೇರೆ. ಬಿಲ್ಲಿನ ಹಿಂಬದಿಯಲ್ಲಿ ಮನಬಂದಂತೆ ಒಂದಷ್ಟು ಸಂಖ್ಯೆ ಗೀಚುವುದು, ಅದರಲ್ಲೊಂದು ಶಿಖರ ಹುಡುಕುವುದು. ಎಡಬಲದ ಎರಡೂ ನೆರೆಗಳಿಗಿಂತ ದೊಡ್ಡದಾದ ಸಂಖ್ಯೆಯೇ ಶಿಖರ. ಸಾಲಿನ ಎರಡು ತುದಿಗಳಾಚೆ ಪಾತಾಳವಿದೆ ಎಂದುಕೊಳ್ಳಬೇಕು. ಹಾಗಾಗಿ ತುದಿಯಲ್ಲಿರುವುದು ತನ್ನ ಒಂದೇ ನೆರೆಯನ್ನು ಮೀರಿಸಿದರೆ ಸಾಕು. ಒಂದೇ ಸಂಖ್ಯೆ ಒತ್ತೊತ್ತಿಗೆ ಎರಡು ಸಲ ಬರುವಂತಿಲ್ಲ, ಸದ್ಯಕ್ಕೆ.

ಮೊದಲಿನಿಂದ ಕೊನೆಯವರೆಗೆ ಕಣ್ಣಾಡಿಸಿದರೆ ಶಿಖರ ಸಿಕ್ಕೇ ಸಿಗುತ್ತದೆ. ಆದರೆ ಅದರಲ್ಲೇನು ರುಚಿ? ಬೈನರಿ ಸರ್ಚ್ ಹಚ್ಚಬಹುದು ಅನ್ನುವುದರಲ್ಲಿದೆ ಸ್ವಾರಸ್ಯ. ಏರಿಕೆಯ ಕ್ರಮದಲ್ಲಿ ಜೋಡಿಸಿಟ್ಟ ಸಾಲಿಗೆ ಮಾತ್ರ ಆ ವಿದ್ಯೆ ನಡೆಯುತ್ತದೆಂದು ನಾವೆಲ್ಲ ಕಲಿತವರು. ಇಲ್ಲಿ ಅಂಥ ಯಾವ ಕ್ರಮವೂ ಇಲ್ಲ. ಅಮೆರಿಕದ ಎಂಐಟಿಯಲ್ಲಿ 2011ರಲ್ಲಿ ನಡೆದ ಅಲ್ಗಾರಿದಂ ಕೋರ್ಸೊಂದು ಮೊದಲ ದಿನವೇ ಈ ಲೆಕ್ಕವನ್ನು ಎತ್ತಿಕೊಂಡಿತ್ತು. ಹೊಸಬರನ್ನು ಬೆಚ್ಚಿಬೀಳಿಸಲು ಒಳ್ಳೆಯ ಆಯ್ಕೆ.

ಈಗ ಈ ಸಾಲನ್ನೇ ನೋಡಿ: 4, 15, 7, 3, 6, 8, 12, 10, 5, 2. ಹತ್ತು ಸಂಖ್ಯೆ, ಇಂಡೆಕ್ಸ್ 0ರಿಂದ 9. ನಡುವಿನ ಇಂಡೆಕ್ಸ್ 4. ಅಲ್ಲಿ 6 ಇದೆ, ಅದರ ಬಲಕ್ಕೆ 8. ಬಲಕ್ಕೆ ಏರು ಇದೆ, ಎಡಭಾಗವನ್ನು 6ರ ಸಮೇತ ಕೈಬಿಟ್ಟೆ. ಉಳಿದದ್ದು 5ರಿಂದ 9. ನಡು 7, ಅಲ್ಲಿ 10, ಪಕ್ಕದಲ್ಲಿ 5. ಇಳಿಜಾರು, ಬಲಭಾಗ ಹೋಯಿತು, ಆದರೆ 10 ಉಳಿಯಿತು. ಈಗ 5ರಿಂದ 7, ನಡುವೆ 12. ಪಕ್ಕದ 10ಕ್ಕೆ ಮತ್ತೆ ಇಳಿಜಾರು. ಕೊನೆಗೆ 8 ಮತ್ತು 12 ಎರಡೇ ಉಳಿದವು, ಏರು 12ರ ಕಡೆಗೆ. ನಾಲ್ಕು ಹೋಲಿಕೆಯಲ್ಲಿ ಶಿಖರ ಸಿಕ್ಕಿತು. ಸಾಲು ಹತ್ತು ಲಕ್ಷದ್ದಾದರೂ ಇಪ್ಪತ್ತು ಹೋಲಿಕೆ ದಾಟುವುದಿಲ್ಲ.

ಅಯ್ಯೋ, 15 ಅಲ್ಲೇ ಉಳಿಯಿತಲ್ಲ ಎನ್ನುವಿರಾ? ಉಳಿಯಿತು. ಮಂಜು ಕವಿದ ಗುಡ್ಡದಲ್ಲಿ ಕಾಲಿಗೆ ಸಿಕ್ಕ ಏರನ್ನೇ ನಂಬಿ ನಡೆದವನು ಯಾವುದೋ ಒಂದು ತುದಿ ಮುಟ್ಟುತ್ತಾನೆ, ಅತಿ ಎತ್ತರದ್ದನ್ನೇ ಅಲ್ಲ. ಎಲ್ಲಕ್ಕಿಂತ ದೊಡ್ಡದು ಬೇಕೆಂದರೆ ಒಂದೊಂದನ್ನೂ ನೋಡಲೇಬೇಕು, ಅದಕ್ಕೆ ಅಡ್ಡದಾರಿಯಿಲ್ಲ.

ಕೈಬಿಟ್ಟ ಅರ್ಧದಲ್ಲಿ ಶಿಖರ ಇರಲಿಲ್ಲವೆಂದು ಯಾರೂ ಹೇಳಿಲ್ಲ. 15 ಅಲ್ಲೇ ಇತ್ತು. ನಾವು ಕೇಳುವುದು ಬೇರೆಯೇ ಪ್ರಶ್ನೆ: ಉಳಿಸಿಕೊಂಡ ಅರ್ಧದಲ್ಲಿ ಶಿಖರ ಇದ್ದೇ ಇದೆಯೇ? ಪ್ರತಿ ಹೆಜ್ಜೆಯಲ್ಲೂ ಉಳಿದ ತುಂಡಿನ ಎರಡೂ ಅಂಚಿನ ಹೊರಗೆ ನಿಂತಿರುವುದು ಅಂಚಿಗಿಂತ ಚಿಕ್ಕ ಸಂಖ್ಯೆಯೇ. 5ರಿಂದ 9ರ ತುಂಡು ಹಿಡಿದಾಗ ಎಡಗಡೆ ಹೊರಗಿದ್ದ 6, ಒಳಗಿನ 8ಕ್ಕಿಂತ ಚಿಕ್ಕದು, ಬಲಗಡೆ ಪಾತಾಳ. ಆ ತುಂಡಿನ ಅತಿ ದೊಡ್ಡ ಸಂಖ್ಯೆ ಎಲ್ಲೇ ಇರಲಿ, ನಡುವೆಯೋ ಅಂಚಿನಲ್ಲೋ, ಅದನ್ನು ಮೀರಿಸುವ ನೆರೆ ಇರಲಾರದು. ಹಾಗಾಗಿ ಅದು ಇಡೀ ಸಾಲಿಗೂ ಶಿಖರವೇ. ಈ ವಾದ ನನಗೆ ಕೋಡ್‌ಗಿಂತ ಹೆಚ್ಚು ಇಷ್ಟ. ಕೋಡ್ ಇಷ್ಟೇ:

```python
lo, hi = 0, len(a) - 1
while lo < hi:
    mid = (lo + hi) // 2
    if a[mid] < a[mid + 1]:
        lo = mid + 1
    else:
        hi = mid
```

ಲೂಪ್ ಮುಗಿದಾಗ `lo` ಇರುವಲ್ಲಿ ಶಿಖರ. ಇಷ್ಟು ಪುಟ್ಟದಾದರೂ ಒಂದಕ್ಷರ ಆಚೀಚೆ ಆದರೆ ಸೇಡು ತೀರಿಸಿಕೊಳ್ಳುತ್ತದೆ. ಎರಡು ಕಡೆಯೂ ಒಂದೇ ಥರ ಇರಲೆಂದು `hi = mid - 1` ಬರೆದರೆ 1, 3, 2 ಸಾಲಿನಲ್ಲಿ 3 ತಾನೇ ಶಿಖರವಾದರೂ ಕೈಜಾರಿ 1 ಉತ್ತರವಾಗುತ್ತದೆ. `lo = mid` ಎಂದರೆ 1, 2 ಎಂಬ ಎರಡೇ ಸಂಖ್ಯೆಯ ಸಾಲಿನಲ್ಲಿ ಲೂಪ್ ಮುಗಿಯುವುದೇ ಇಲ್ಲ. ಇನ್ನು ಬಲದ ಬದಲು ಎಡದ ನೆರೆಯನ್ನು ನೋಡಹೊರಟರೆ `mid` ಸೊನ್ನೆಯಾದಾಗ `a[-1]` ಕೇಳಿದಂತಾಗುತ್ತದೆ. ಪೈಥಾನ್ ತಕರಾರಿಲ್ಲದೆ ಸಾಲಿನ ಕೊನೆಯ ಸಂಖ್ಯೆ ತಂದುಕೊಡುತ್ತದೆ. ದೋಷದ ಸಂದೇಶವಿಲ್ಲ, ಉತ್ತರ ಮಾತ್ರ ಕೆಲವೊಮ್ಮೆ ತಪ್ಪು. ಅದಕ್ಕೇ ನಾನು ಪರೀಕ್ಷೆಗೆ ದೊಡ್ಡ ಸಾಲು ಹಿಡಿಯುವುದಿಲ್ಲ. ಎರಡು, ಮೂರು ಸಂಖ್ಯೆಗಳ ಸಾಲುಗಳೇ ಬಣ್ಣ ಬಯಲು ಮಾಡುತ್ತವೆ. ಬಲದ ನೆರೆಯಾದರೆ ಆ ಭಯವಿಲ್ಲ: `lo < hi` ಇರುವವರೆಗೆ `mid` ಸದಾ `hi`ಗಿಂತ ಕೆಳಗೇ ನಿಲ್ಲುವುದರಿಂದ `mid + 1` ಸಾಲು ದಾಟದು.

ಆಗಲೇ ಬದಿಗಿಟ್ಟ ಷರತ್ತೊಂದು ಬಾಕಿ ಇದೆ. 1, 1, 1, 2, 1, 1, 1, 1, 1 ಎಂಬ ಸಾಲು ಕೊಡಿ. ನಡುವಿನ ಇಂಡೆಕ್ಸ್ 4ರಲ್ಲಿ 1, ಪಕ್ಕದಲ್ಲೂ 1. ಏರಿಲ್ಲವೆಂದು ಕೋಡ್ ಎಡಕ್ಕೆ ಹೋಗುತ್ತದೆ. 2 ಎಡಗಡೆಯೇ ಇದೆ, ಮುಂದಿನ ನೋಟ ಬೀಳುವುದು ಇಂಡೆಕ್ಸ್ 2, 3ರ ಮೇಲೆ, ಏರು ಕಾಣುತ್ತದೆ, ಅದೃಷ್ಟಕ್ಕೆ 2 ಸಿಗುತ್ತದೆ. ಅದೇ 2 ಇಂಡೆಕ್ಸ್ 7ರಲ್ಲಿದ್ದರೆ? ಕೋಡ್ ಮತ್ತೆ ಎಡಕ್ಕೇ ಸರಿದು ಇಂಡೆಕ್ಸ್ 0ರಲ್ಲಿ ನಿಂತು, ಬಲದಲ್ಲಿ ತನ್ನಷ್ಟೇ ಇರುವ 1 ಅನ್ನು ಶಿಖರವೆಂದು ತೋರಿಸುತ್ತದೆ. ನೆರೆಯಷ್ಟೇ ಇದ್ದರೂ ಶಿಖರ ಎಂದು ವ್ಯಾಖ್ಯೆ ಸಡಿಲಿಸಿದರೆ ಆ ಉತ್ತರವೂ ಸರಿ. ಕಟ್ಟುನಿಟ್ಟಾಗಿ ದೊಡ್ಡದೇ ಬೇಕೆಂದರೆ ಮಟ್ಟಸ ನೆಲದಲ್ಲಿ ಯಾವ ಕಡೆಯ ಸುಳಿವೂ ಇಲ್ಲ. ಆಗ ಪೆನ್ಸಿಲ್ ತುದಿ ಊರಿ ಒಂದೊಂದೇ ಸಂಖ್ಯೆ ನೋಡುತ್ತಾ ಹೋಗಬೇಕು.