ಅಪ್ಪನ ನೆಗೆಟಿವ್, ಮಗಳ ಪಾಸಿಟಿವ್

ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂತ ಬಂದರೆ ಕಾಯಿಲೆ ಇದೆ, ‘ನೆಗೆಟಿವ್’ ಅಂತ ಬಂದರೆ ಇಲ್ಲ. ಕೊರೊನಾ ಬಂದಾಗ ನಾವೆಲ್ಲ ಕಲಿತ ಲೆಕ್ಕ ಇದು. ಟಿಬಿಗೆ ಈ ಲೆಕ್ಕ ಹೊಂದುವುದಿಲ್ಲ. ಟಿಬಿಗೆ ಮಾಡುವ ಪರೀಕ್ಷೆಗಳು ಹಲವು, ಒಂದೊಂದು ಪರೀಕ್ಷೆ ಕೇಳುವ ಪ್ರಶ್ನೆಯೇ ಬೇರೆ. ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ಉತ್ತರ ಮಾತ್ರ ಓದಿದರೆ ಏನಾಗುತ್ತದೆ ಎಂಬುದನ್ನು ನನ್ನ ಪರಿಚಯದ ಒಂದು ಮನೆಯಲ್ಲಿ ನೋಡಿದೆ. ಆ ಮನೆಯವರ ಹೆಸರು, ಊರು ಬಿಟ್ಟು ಉಳಿದದ್ದನ್ನು ಬರೆಯುತ್ತಿದ್ದೇನೆ.

ಮನೆಯ ಯಜಮಾನರಿಗೆ 52 ವರ್ಷ. ಇಪ್ಪತ್ತು ವರ್ಷ ಕಲ್ಲು ಕ್ವಾರಿಯಲ್ಲಿ ದುಡಿದವರು. ಐದು ವಾರದಿಂದ ಕೆಮ್ಮು, ಸಂಜೆಯಾದರೆ ಮೈ ಬಿಸಿ, ಅಂಗಿ ಸಡಿಲವಾಗುವಷ್ಟು ತೂಕ ಇಳಿದಿತ್ತು. ಪಟ್ಟಣದ ಒಂದು ಲ್ಯಾಬಿನಲ್ಲಿ ಕಫ ಕೊಟ್ಟರು. ‘ನೆಗೆಟಿವ್’ ಅಂತ ಬಂತು. ಅದೇ ತಿಂಗಳು 19 ವರ್ಷದ ಮಗಳು ನರ್ಸಿಂಗ್ ಕಾಲೇಜಿಗೆ ಸೇರಲು ಆರೋಗ್ಯ ತಪಾಸಣೆ ಮಾಡಿಸಿದಳು. ಕೈಗೆ ಚುಚ್ಚಿ ನೋಡುವ ಚರ್ಮದ ಪರೀಕ್ಷೆಯಲ್ಲಿ 14 ಮಿಲಿಮೀಟರ್ ಬಂತು. ಆಮೇಲೆ ಮಾಡಿಸಿದ ‘ಇಗ್ರಾ’ ಎಂಬ ರಕ್ತ ಪರೀಕ್ಷೆಯೂ ಪಾಸಿಟಿವ್. ಅವಳಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಊಟ ಚೆನ್ನಾಗಿ ಸೇರುತ್ತಿತ್ತು.

ಮನೆಯ ಹಿರಿಮಗ ನನಗೆ ಫೋನ್ ಮಾಡಿದ. “ಅಣ್ಣಾರ, ಅಪ್ಪಗ ಏನೂ ಇಲ್ಲಂತ ಬಂದೈತಿ. ತಂಗೀಗ ಟಿಬಿ ಐತಂತ. ಕಾಲೇಜ್ ಸೀಟು ಹೋಗ್ತದೇನ್ರಿ?” ನಾನು ಹೋಗಿ ನೋಡಿದಾಗ ಹುಡುಗಿಯನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದರು. ಅವಳಿಗೆ ಬೇರೆ ತಾಟು, ಬೇರೆ ಲೋಟ. ಅಪ್ಪ ಜಗಲಿಯ ಮೇಲೆ ಕೂತು ಕೆಮ್ಮುತ್ತಿದ್ದರು. ಎರಡು ವರ್ಷದ ಮೊಮ್ಮಗ ಅವರ ತೊಡೆಯ ಮೇಲಿದ್ದ.

ಮರುದಿನ ಆ ಕಾಗದಗಳನ್ನೆಲ್ಲ ಹಿಡಿದು ಮಗ ಮತ್ತು ನಾನು ತಾಲ್ಲೂಕು ಆಸ್ಪತ್ರೆಯ ಟಿಬಿ ವಿಭಾಗಕ್ಕೆ ಹೋದೆವು. ಅಲ್ಲಿ ತಿಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಚರ್ಮದ ಪರೀಕ್ಷೆ. ಇದಕ್ಕೆ ಮಾಂಟೂ ಪರೀಕ್ಷೆ ಅನ್ನುತ್ತಾರೆ. ಮುಂಗೈ ಒಳಭಾಗದ ಚರ್ಮದ ಪದರದಲ್ಲೇ, ಟಿಬಿ ರೋಗಾಣುವಿನಿಂದ ತೆಗೆದ ಪ್ರೋಟೀನಿನ 0.1 ಮಿಲಿಲೀಟರ್ ದ್ರವ ಚುಚ್ಚುತ್ತಾರೆ. ಇದರಲ್ಲಿ ಜೀವಂತ ರೋಗಾಣು ಇರುವುದಿಲ್ಲ. 48ರಿಂದ 72 ಗಂಟೆಯ ಒಳಗೆ ಹೋಗಿ ಕೈ ತೋರಿಸಬೇಕು. ನಮ್ಮ ದೇಹ ಟಿಬಿ ರೋಗಾಣುವನ್ನು ಮೊದಲೇ ಕಂಡಿದ್ದರೆ ಚುಚ್ಚಿದ ಜಾಗ ಗಟ್ಟಿಯಾಗಿ ಉಬ್ಬುತ್ತದೆ. ಅಳೆಯುವುದು ಈ ಗಟ್ಟಿ ಉಬ್ಬನ್ನು ಮಾತ್ರ. ಸುತ್ತಲಿನ ಕೆಂಪು ಎಷ್ಟೇ ಅಗಲವಾಗಿದ್ದರೂ ಲೆಕ್ಕಕ್ಕಿಲ್ಲ. ಬೆರಳಾಡಿಸಿ ಗಟ್ಟಿ ಭಾಗದ ಅಂಚು ಗುರುತಿಸಿ, ಕೈಗೆ ಅಡ್ಡಲಾಗಿ ಸ್ಕೇಲ್ ಇಟ್ಟು ಅಳೆಯುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ 10 ಮಿಲಿಮೀಟರ್ ಅಥವಾ ಹೆಚ್ಚು ಬಂದರೆ ಪಾಸಿಟಿವ್. ಎಚ್‌ಐವಿ ಇರುವವರಿಗೆ 5 ಬಂದರೂ ಪಾಸಿಟಿವ್.

ಈ ಪರೀಕ್ಷೆಗೆ ಒಂದು ತೊಡಕಿದೆ. ಹುಟ್ಟಿದಾಗ ಹಾಕಿಸುವ ಬಿಸಿಜಿ ಲಸಿಕೆಯಲ್ಲಿರುವುದೂ ಟಿಬಿ ರೋಗಾಣುವಿನ ಹತ್ತಿರದ ಸಂಬಂಧಿ. ಮಣ್ಣು, ನೀರಿನಲ್ಲಿ ಅಂಥ ಇನ್ನೂ ಕೆಲವು ಸಂಬಂಧಿಗಳಿವೆ. ಅವುಗಳ ನೆನಪಿನಿಂದಲೂ ಕೈ ಉಬ್ಬಬಹುದು. ಹಾಗಾಗಿ 14 ಮಿಲಿಮೀಟರ್ ಒಂದನ್ನೇ ನೋಡಿ ಹುಡುಗಿಗೆ ಸೋಂಕು ತಗುಲಿದೆ ಎಂದು ಗಟ್ಟಿಯಾಗಿ ಹೇಳಲು ಆಗುತ್ತಿರಲಿಲ್ಲ.

ಆ ಗೊಂದಲ ಕಡಿಮೆ ಮಾಡುವುದು ಇಗ್ರಾ. ರಕ್ತ ತೆಗೆದು ಬೇರೆ ಬೇರೆ ಟ್ಯೂಬಿಗೆ ಹಾಕುತ್ತಾರೆ. ಕೆಲವು ಟ್ಯೂಬುಗಳಲ್ಲಿ ಟಿಬಿ ರೋಗಾಣುವಿನಲ್ಲಿದ್ದು ಬಿಸಿಜಿಯಲ್ಲಿ ಇಲ್ಲದ ಪ್ರೋಟೀನುಗಳಿರುತ್ತವೆ. ಟ್ಯೂಬುಗಳನ್ನು 37 ಡಿಗ್ರಿ ಬಿಸಿಯಲ್ಲಿ 16ರಿಂದ 24 ಗಂಟೆ ಇಡುತ್ತಾರೆ. ರಕ್ತದ ಬಿಳಿ ಕಣಗಳಿಗೆ ಆ ಪ್ರೋಟೀನಿನ ಪರಿಚಯ ಮೊದಲೇ ಇದ್ದರೆ ಅವು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಬಿಡುತ್ತವೆ. ಅದು ಎಷ್ಟಿದೆ ಅಂತ ಅಳೆಯುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಕಿಟ್‌ನಲ್ಲಿ, ಏನೂ ಬೆರೆಸದ ಟ್ಯೂಬಿನ ಅಂಕಿ ಕಳೆದ ಮೇಲೆ 0.35 ಅಥವಾ ಹೆಚ್ಚು ಉಳಿದರೆ ಸಾಮಾನ್ಯವಾಗಿ ಪಾಸಿಟಿವ್. ಕೆಲವೊಮ್ಮೆ ಪಾಸಿಟಿವ್ ಅಲ್ಲ, ನೆಗೆಟಿವ್ ಅಲ್ಲ, ‘ಇಂಡಿಟರ್ಮಿನೇಟ್’ ಅಂತ ಬರುತ್ತದೆ. ಪರೀಕ್ಷೆಯಿಂದ ಉತ್ತರ ಸಿಗಲಿಲ್ಲ ಅಂತ ಅದರರ್ಥ.

ಇಲ್ಲಿ ಮುಖ್ಯ ಮಾತು ಒಂದಿದೆ. ಈ ಎರಡೂ ಪರೀಕ್ಷೆ ರೋಗಾಣುವನ್ನು ಹುಡುಕುವುದೇ ಇಲ್ಲ. ದೇಹದ ನೆನಪನ್ನು ಕೇಳುತ್ತವೆ. ಒಮ್ಮೆ ಕಂಡ ಕಳ್ಳನ ವಾಸನೆ ಬಂದರೆ ಮನೆಯ ನಾಯಿ ಬೊಗಳುತ್ತದೆ. ನಾಯಿ ಬೊಗಳಿದ ಮಾತ್ರಕ್ಕೆ ಕಳ್ಳ ಈಗ ಮನೆಯೊಳಗೆ ಕದಿಯುತ್ತಿದ್ದಾನೆ ಎಂದಲ್ಲ. ಹಾಗೆಯೇ ಚರ್ಮದ ಪರೀಕ್ಷೆ, ಇಗ್ರಾ ಪಾಸಿಟಿವ್ ಬಂದರೆ ರೋಗಾಣು ಯಾವಾಗಲೋ ಒಳಗೆ ಬಂದಿರಬೇಕು ಎಂದು ಅರ್ಥ. ಅದು ಸುಮ್ಮನೆ ಮಲಗಿದೆಯೋ, ಕಾಯಿಲೆ ಮಾಡುತ್ತಿದೆಯೋ ಅಂತ ಹೇಳುವ ಶಕ್ತಿ ಎರಡಕ್ಕೂ ಇಲ್ಲ. ಮಲಗಿರುವ ಸೋಂಕು ಇರುವವರಿಂದ ಬೇರೆಯವರಿಗೆ ಟಿಬಿ ಹರಡುವುದಿಲ್ಲ. ಇಂಥ 100 ಜನರಲ್ಲಿ 5ರಿಂದ 10 ಜನರಿಗೆ ಜೀವನದಲ್ಲಿ ಯಾವಾಗಲಾದರೂ ಕಾಯಿಲೆ ಏಳುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು, ಸೋಂಕು ತಗುಲಿದ ಮೊದಲ ಎರಡು ವರ್ಷಗಳಲ್ಲೇ.

ಕಫದ ಪರೀಕ್ಷೆ ಕೇಳುವ ಪ್ರಶ್ನೆ ಬೇರೆ. ಕಫದ ಗಟ್ಟಿ ಭಾಗವನ್ನು ಗಾಜಿನ ಸ್ಲೈಡ್ ಮೇಲೆ ಹಚ್ಚಿ, ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಆಸಿಡ್‌ನಿಂದ ತೊಳೆದು, ನೀಲಿ ಬಣ್ಣ ಹಾಕುತ್ತಾರೆ. ಟಿಬಿ ರೋಗಾಣುವಿನ ಮೇಣದಂಥ ಹೊದಿಕೆ ಆಸಿಡ್‌ಗೂ ಕೆಂಪು ಬಿಡುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳಂತೆ ಕಾಣುತ್ತದೆ. ಕಂಡರೆ, ಅದೂ ಕೆಮ್ಮು ಜ್ವರ ಇರುವವರಲ್ಲಿ ಕಂಡರೆ, ಅದು ಹಳೆಯ ನೆನಪಿನ ಮಾತಲ್ಲ. ರೋಗಾಣು ಈಗ ಕಫದಲ್ಲಿ ಹೊರಬರುತ್ತಿದೆ, ಮನೆಯವರಿಗೆ ಹರಡುತ್ತಿದೆ. ರಿಪೋರ್ಟಿನಲ್ಲಿ 1+, 2+, 3+ ಅಂತ ಬರೆಯುವುದು ಎಷ್ಟು ಕಡ್ಡಿ ಕಂಡವು ಎಂಬ ಲೆಕ್ಕ.

ಆದರೆ ಕಾಣದಿದ್ದರೆ? ಆ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಹೇಳಿದ ಮಾತು ನನಗೆ ಹೊಸದು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 5,000ದಿಂದ 10,000 ರೋಗಾಣು ಇದ್ದರೆ ಮಾತ್ರ ಮೈಕ್ರೋಸ್ಕೋಪಿಗೆ ಸಿಗುತ್ತವೆ. ಅದಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ಶ್ವಾಸಕೋಶ ಬಿಟ್ಟು ಬೇರೆ ಕಡೆ ಟಿಬಿ ಇದ್ದರೂ ನೆಗೆಟಿವ್ ಬರಬಹುದು. ಮಗನನ್ನು ಅವರು ಕೇಳಿದರು, “ನಿಮ್ಮ ತಂದಿಯವರು ಡಬ್ಬ್ಯಾಗ ಕಫ ಕೊಟ್ರೋ ಉಗುಳು ಕೊಟ್ರೋ?” ಮಧ್ಯಾಹ್ನ ಊಟವಾದ ಮೇಲೆ, ಲ್ಯಾಬಿನ ಮುಂದೆ ನಿಂತು ಕೊಟ್ಟಿದ್ದರಂತೆ, ಒಂದೇ ಸಲ. ನೀರಿನಂಥ ಉಗುಳು ಅದು.

ಮರುದಿನ ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ದೀರ್ಘ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಕಫ ಒಯ್ದರು. ಈ ಸಲ ಟ್ರೂನಾಟ್ ಯಂತ್ರಕ್ಕೆ ಹಾಕಿದರು. ಅದು ರೋಗಾಣುವಿನ ಜೀನನ್ನೇ ಹುಡುಕುತ್ತದೆ. ಮೈಕ್ರೋಸ್ಕೋಪಿಗೆ ಸಿಗದಷ್ಟು ಕಡಿಮೆ ರೋಗಾಣು ಇದ್ದರೂ ಹಿಡಿಯುತ್ತದೆ. ಟಿಬಿ ಇದೆ, ರಿಫಾಂಪಿಸಿನ್ ಔಷಧಕ್ಕೆ ಬಗ್ಗುವ ಟಿಬಿ ಎಂದು ಬಂತು. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ. ಕಲ್ಲಿನ ಧೂಳು ಕುಡಿದ ಎದೆಗೆ ಟಿಬಿ ಬರುವ ಸಾಧ್ಯತೆಯೂ ಹೆಚ್ಚು. ಆರು ತಿಂಗಳ ಚಿಕಿತ್ಸೆ ಶುರುವಾಯಿತು.

ಮಗಳಿಗೆ ಎಕ್ಸ್‌ರೇ ತೆಗೆದರು. ಸ್ವಚ್ಛವಾಗಿತ್ತು. ಅಂದರೆ ಸೋಂಕು ಇದೆ, ಕಾಯಿಲೆ ಇಲ್ಲ. ಅಪ್ಪನ ಕೆಮ್ಮಿನಿಂದಲೇ ತಗುಲಿರುವ ಸಾಧ್ಯತೆ ಹೆಚ್ಚು. ಅವಳಿಗೆ ಕೊಟ್ಟದ್ದು ಕಾಯಿಲೆ ಏಳದಂತೆ ತಡೆಯುವ ಔಷಧ, ವಾರಕ್ಕೊಮ್ಮೆಯಂತೆ 12 ವಾರ. ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಳ್ಳದೆ ಇದನ್ನು ಕೊಡುವುದಿಲ್ಲ. ಒಳಗೆ ಕಾಯಿಲೆ ಇದ್ದು, ತಡೆಗಟ್ಟುವ ಒಂದೆರಡು ಔಷಧ ಮಾತ್ರ ಕೊಟ್ಟರೆ ರೋಗಾಣು ಆ ಔಷಧಕ್ಕೆ ಬಗ್ಗದಂತಾಗಬಹುದು.

ಇನ್ನು ಮೊಮ್ಮಗ. ಚರ್ಮದ ಪರೀಕ್ಷೆ ಮಾಡೋಣವೇ ಅಂತ ಮಗ ಕೇಳಿದ. ಅದಕ್ಕಾಗಿ ಕಾಯುವುದು ಬೇಡ ಎಂದರು ಡಾಕ್ಟರು. ಸೋಂಕು ತಗುಲಿದ ಮೇಲೆ ದೇಹಕ್ಕೆ ಆ ನೆನಪು ಮೂಡಲು ಎರಡರಿಂದ ಎಂಟು ವಾರ ಬೇಕು. ಅಷ್ಟರೊಳಗೆ ಪರೀಕ್ಷೆ ಮಾಡಿದರೆ ನೆಗೆಟಿವ್ ಬಂದೀತು. ಅಪೌಷ್ಟಿಕ ಮಕ್ಕಳಲ್ಲೂ ಹಾಗೇ ಆಗಬಹುದು. ಐದು ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗುತ್ತದೆ, ಮೆದುಳಿಗೂ ಹೋಗಬಹುದು. ಆದ್ದರಿಂದ ಮನೆಯಲ್ಲಿ ಶ್ವಾಸಕೋಶದ ಟಿಬಿ ಇದ್ದರೆ, ಮಗುವಿಗೆ ಕಾಯಿಲೆ ಇಲ್ಲ ಎಂದು ಖಚಿತ ಮಾಡಿಕೊಂಡು, ಸೋಂಕಿನ ಪರೀಕ್ಷೆ ಇಲ್ಲದೆಯೂ ತಡೆಗಟ್ಟುವ ಔಷಧ ಕೊಡುತ್ತಾರೆ. ಮಗುವನ್ನು ಪರೀಕ್ಷಿಸಿ, ತೂಕ ನೋಡಿ, ಆರು ತಿಂಗಳು ದಿನವೂ ಕೊಡುವ ಮಾತ್ರೆ ಬರೆದರು.

ಮನೆಯ ವ್ಯವಸ್ಥೆ ಅವತ್ತೇ ತಿರುಗಿತು. ಮಗಳು ಹಿಂದಿನ ಕೋಣೆಯಿಂದ ಹೊರಬಂದಳು. ಅಪ್ಪ ಗಾಳಿಯಾಡುವ ಪಡಸಾಲೆಯಲ್ಲಿ ಮಲಗತೊಡಗಿದರು, ಕೆಮ್ಮುವಾಗ ಬಾಯಿಗೆ ಟವಲ್ ಹಿಡಿಯುತ್ತಾರೆ. ಬೇರೆ ತಾಟು, ಲೋಟ ಯಾರಿಗೂ ಬೇಕಿಲ್ಲ, ಟಿಬಿ ಹರಡುವುದು ಗಾಳಿಯಿಂದ.

ನಿಮ್ಮ ಕೈಗೆ ಇಂಥ ರಿಪೋರ್ಟು ಬಂದರೆ ಮೊದಲು ಮೇಲಿನ ಸಾಲಿನಲ್ಲಿ ಪರೀಕ್ಷೆಯ ಹೆಸರು ಓದಿ. ಮಾಂಟೂ ಅಥವಾ ಇಗ್ರಾ ಪಾಸಿಟಿವ್ ಇದ್ದರೆ, “ಎಕ್ಸ್‌ರೇ ಬೇಕಾ, ತಡೆಗಟ್ಟುವ ಔಷಧ ಬೇಕಾ?” ಎಂದು ಕೇಳಿ. ಅವು ನೆಗೆಟಿವ್ ಇದ್ದು ಕೆಮ್ಮು ಇದ್ದರೆ, ಟಿಬಿ ಇಲ್ಲ ಎಂದು ತಿಳಿಯಬೇಡಿ. ಕಫದ ಸ್ಲೈಡ್ ನೆಗೆಟಿವ್ ಬಂದರೂ ಕೆಮ್ಮು ಎರಡು ವಾರ ದಾಟಿದ್ದರೆ, ಬೆಳಗಿನ ಕಫ ಒಯ್ದು “ಟ್ರೂನಾಟ್ ಅಥವಾ ಸಿಬಿನಾಟ್ ಮಾಡ್ತೀರಾ?” ಎಂದು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ.

ಹುಡುಗಿಯ ಸೀಟು ಉಳಿಯಿತು. ‘ಎಕ್ಸ್‌ರೇ ಸರಿಯಿದೆ, ಸಕ್ರಿಯ ಟಿಬಿ ಇಲ್ಲ, ತಡೆಗಟ್ಟುವ ಚಿಕಿತ್ಸೆ ಪಡೆಯುತ್ತಿದ್ದಾರೆ’ ಎಂದು ಡಾಕ್ಟರು ಬರೆದುಕೊಟ್ಟ ಪತ್ರವನ್ನು ಕಾಲೇಜು ಒಪ್ಪಿತು. ಆ ಪತ್ರವನ್ನೂ ಔಷಧ ಮುಗಿಸಿದ ಕಾರ್ಡನ್ನೂ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಿದ್ದಾರೆ. ದೇಹದ ನೆನಪು ಔಷಧದಿಂದ ಅಳಿಸುವುದಿಲ್ಲ. ಮುಂದೆ ಯಾವುದಾದರೂ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರುವಾಗ ಮತ್ತೆ ಇಗ್ರಾ ಮಾಡಿದರೆ ಪಾಸಿಟಿವ್ ಎಂದೇ ಬರಬಹುದು.