ರಾತ್ರಿ ಬರೆದ ಮೇಲ್, ಬೆಳಿಗ್ಗೆ ಹೊರಟರೆ ಸಾಕು

ಐರೋಲಿಯ ಆಫೀಸಿನಿಂದ ಹೊರಟು, ಥಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯ ಮನೆ ಸೇರುವಾಗ ರಾತ್ರಿ ಎಂಟೂವರೆ ದಾಟಿರುತ್ತದೆ. ಊಟ, ಮಗನ ಹೋಂವರ್ಕ್ ಎಲ್ಲ ಮುಗಿದು ಮನೆ ಶಾಂತವಾಗುವುದು ಹನ್ನೊಂದಕ್ಕೆ. ನನ್ನ ತಲೆ ಓಡುವುದೂ ಆಗಲೇ. ಮರುದಿನದ ಕೆಲಸಗಳನ್ನೆಲ್ಲ ಯೋಚಿಸಿ, ನಮ್ಮ ತಂಡದ ನಾಲ್ವರಿಗೆ ಮೇಲ್ ಬರೆದು ಕಳಿಸಿ ಮಲಗಿದರೆ ನನಗೆ ಒಳ್ಳೆಯ ನಿದ್ದೆ. 'ನಾಳೆ ನೋಡಿದರೆ ಸಾಕು' ಎಂದು ಕೊನೆಗೊಂದು ಸಾಲನ್ನೂ ಸೇರಿಸುತ್ತಿದ್ದೆ. ಅದರಿಂದ ನನ್ನ ಜವಾಬ್ದಾರಿ ಮುಗಿಯಿತು ಎಂದುಕೊಂಡಿದ್ದೆ.

ತಂಡದಲ್ಲಿ ಕಲ್ಯಾಣದ ಒಬ್ಬಳು ಹುಡುಗಿ ಇದ್ದಾಳೆ, ನಮ್ಮ ಕನ್ನಡದವಳೇ. ಒಂದು ಭಾನುವಾರ ಸಂಘದ ಕಾರ್ಯಕ್ರಮದಲ್ಲಿ ಅವಳ ಗಂಡ ಸಿಕ್ಕಿದ. ಕಾಫಿ ಕುಡಿಯುತ್ತ ನಗುನಗುತ್ತಲೇ ಹೇಳಿದ: "ಅಣ್ಣಾ, ನಿಮ್ಮ ಮೇಲ್ ಬಂದ ರಾತ್ರಿ ನಮ್ಮ ಮನೆಯಲ್ಲಿ ಲೈಟ್ ಆರುವುದಿಲ್ಲ."

"ನಾಳೆ ನೋಡಿ ಅಂತ ಬರೆದಿರ್ತೀನಲ್ಲಪ್ಪಾ" ಎಂದೆ.

"ಆ ಸಾಲು ಕೊನೆಯಲ್ಲಿರುತ್ತಲ್ಲಣ್ಣ. ಅಲ್ಲಿಗೆ ಬರಬೇಕಾದರೆ ಪೂರ್ತಿ ಓದಲೇಬೇಕು."

ಉತ್ತರ ಹೊಳೆಯಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಡಬ್ಬ ಕಟ್ಟುವವಳು ಅವಳು. ಮೇಲಿನವರ ಹೆಸರು ಫೋನಿನಲ್ಲಿ ಹೊಳೆದ ಮೇಲೆ ಕೆಳಗಿನವರು ಅದನ್ನು ತೆರೆಯದೆ ಇರಲಾರರು. ಓದಿದ ಮೇಲೆ ಅದು ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ.

ಅಂದಿನಿಂದ ಬರೆಯುವ ಹೊತ್ತನ್ನು ಬದಲಿಸಲಿಲ್ಲ, ಮೇಲ್ ಹೊರಡುವ ಹೊತ್ತನ್ನು ಬದಲಿಸಿದೆ. ಜಿಮೇಲ್‌ನಲ್ಲಿ ಕಂಪ್ಯೂಟರಿನಿಂದ ಬರೆಯುವಾಗ Send ಗುಂಡಿಯ ಪಕ್ಕದಲ್ಲೇ ಒಂದು ಸಣ್ಣ ಬಾಣದ ಗುರುತಿದೆ. ಅದನ್ನು ಒತ್ತಿದರೆ Schedule send ಕಾಣುತ್ತದೆ. 2019ರಿಂದ ಇರುವ ಸೌಲಭ್ಯ, ನಾನು ಮುಟ್ಟಿರಲಿಲ್ಲ ಅಷ್ಟೇ. ಡೆಸ್ಕ್‌ಟಾಪಿನ ಹಳೆಯ ಔಟ್‌ಲುಕ್ ಬಳಸುವವರಿಗೆ ಇದೇ ಕೆಲಸ Delay Delivery ಎಂಬ ಹೆಸರಿನಲ್ಲಿದೆ.

ಮೊದಲ ವಾರ ಜಿಮೇಲ್ ತಾನಾಗಿಯೇ ತೋರಿಸುವ 'ನಾಳೆ ಬೆಳಿಗ್ಗೆ 8:00' ಎಂಬುದನ್ನೇ ಒತ್ತಿದೆ. ಆ ಹೊತ್ತು ನಮ್ಮ ಕಡೆಯವರಿಗೆ ಹೊಂದುವುದಿಲ್ಲ. ಎಂಟು ಗಂಟೆಗೆ ಕಲ್ಯಾಣದವಳು ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಬ್ಯಾಗ್ ಹಿಡಿದು ನಿಂತಿರುತ್ತಾಳೆ. ಅಲ್ಲಿ ಫೋನ್ ಕುಯ್ಯೆಂದರೆ ರಾತ್ರಿಯ ಕಾಟ ಬೆಳಗ್ಗೆಗೆ ಸರಿದಂತಾಯಿತು ಅಷ್ಟೆ. ಈಗ Pick date & time ಒತ್ತಿ 10:15 ಎಂದು ಹಾಕುತ್ತೇನೆ. ಆಗ ಎಲ್ಲರೂ ಕುರ್ಚಿಯಲ್ಲಿ ಕುಳಿತು ನೀರು ಕುಡಿದಿರುತ್ತಾರೆ.

ಆದರೆ ಇದರಲ್ಲೂ ಒಮ್ಮೆ ಎಡವಿದೆ. ಒಂದು ಶುಕ್ರವಾರ ರಾತ್ರಿ, '42 ಬಿಲ್ಲುಗಳನ್ನು ಗ್ರಾಹಕರಿಗೆ ಕಳಿಸಿಬಿಡಿ' ಎಂದು ಅವಳಿಗೆ ಬರೆದು ಸೋಮವಾರ 10:15ಕ್ಕೆ ಇಟ್ಟೆ. ಶನಿವಾರ ಗ್ರಾಹಕರು ಫೋನ್ ಮಾಡಿ ಮೂರು ಬಿಲ್ಲು ತಡೆಹಿಡಿಯಲು ಹೇಳಿದರು. ಹೂಂ ಎಂದೆ, ಮರೆತೆ. ಸೋಮವಾರ ಮಳೆ. ಗಾಡಿ ಥಾಣೆಯ ಹೊರಗೆ ನಿಂತುಬಿಟ್ಟಿತು. ನಾನು ಗಾಡಿಯಲ್ಲಿದ್ದಾಗಲೇ ಮೇಲ್ ಹೇಳಿದ ಹೊತ್ತಿಗೆ ಸರಿಯಾಗಿ ಹೊರಟಿತು. ಆಫೀಸು ಮುಟ್ಟುವಷ್ಟರಲ್ಲಿ 42 ಬಿಲ್ಲುಗಳೂ ಹೋಗಿದ್ದವು. ತಪ್ಪು ಅವಳದಲ್ಲ, ನನ್ನದು ಎಂದು ಬಾಸ್‌ಗೂ ಗ್ರಾಹಕರಿಗೂ ಬರೆದುಕೊಟ್ಟೆ.

ಹೀಗೆ ಕಾಯುತ್ತಿರುವ ಮೇಲ್‌ಗಳು Scheduled ಎಂಬ ಫೋಲ್ಡರ್‌ನಲ್ಲಿ ಕೂತಿರುತ್ತವೆ. ತೆರೆದು Cancel send ಒತ್ತಿದರೆ ಮೇಲ್ ಮತ್ತೆ ಡ್ರಾಫ್ಟ್ ಆಗುತ್ತದೆ, ತಿದ್ದಿ ಮತ್ತೊಮ್ಮೆ ಹೊತ್ತು ಗೊತ್ತು ಮಾಡಬಹುದು. ಈಗ ಬೆಳಿಗ್ಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುವಾಗ ಆ ಫೋಲ್ಡರ್ ಒಮ್ಮೆ ನೋಡುವುದು ರೂಢಿಯಾಗಿದೆ. ಸಂಖ್ಯೆ, ದಿನಾಂಕ ಬದಲಾಗಬಹುದಾದ ವಿಷಯವಿದ್ದರೆ ಹೊತ್ತು ಹಾಕುವುದೇ ಇಲ್ಲ. ಡ್ರಾಫ್ಟ್‌ನಲ್ಲಿಟ್ಟು ಆಫೀಸಿನಲ್ಲಿ ನಾನೇ ಕಳಿಸುತ್ತೇನೆ.

ನಿಜವಾಗಿಯೂ ಅರ್ಜೆಂಟ್ ಇದ್ದರೆ? ಅದಕ್ಕೆ ತಂಡದಲ್ಲಿ ಒಂದು ಮಾತು ಮಾಡಿಕೊಂಡಿದ್ದೇವೆ: ಫೋನ್ ಮಾಡುವುದು. ಫೋನ್ ಬರಲಿಲ್ಲ ಎಂದರೆ ಮೇಲ್ ನೋಡುವ ಅಗತ್ಯವಿಲ್ಲ. ಅವರು ರಾತ್ರಿ ಬರೆದರೂ ನನ್ನ ಉತ್ತರ ಬೆಳಿಗ್ಗೆಯೇ. ರಾತ್ರಿ ಎರಡು ನಿಮಿಷದಲ್ಲಿ ಉತ್ತರಿಸಿದರೆ, ನಾನು ಎಚ್ಚರವಿದ್ದೇನೆ, ನೀವೂ ಇರಿ ಎಂದು ಹೇಳಿದಂತೆಯೇ.

ಫ್ರಾನ್ಸ್‌ನಲ್ಲಿ 2017ರಿಂದ ಇದಕ್ಕೆ ಕಾನೂನಿದೆ. ನಮ್ಮಲ್ಲೂ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ ಕೆಲಸದ ಹೊತ್ತಿನ ಆಚೆ ಫೋನ್, ಮೇಲ್‌ಗೆ ಉತ್ತರಿಸದಿರುವ ಹಕ್ಕಿಗಾಗಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದಾರೆ. ಖಾಸಗಿ ಮಸೂದೆಗಳು ಕಾನೂನಾಗುವುದು ತೀರಾ ಅಪರೂಪ. ಅಲ್ಲಿಯ ತನಕ ನಮ್ಮ ಕೈಯಲ್ಲಿರುವುದು ಆ ಸಣ್ಣ ಬಾಣದ ಗುರುತು.

ಕಳೆದ ತಿಂಗಳು ಸಂಘದಲ್ಲಿ ಅದೇ ಗಂಡ ಮತ್ತೆ ಸಿಕ್ಕಿದ. ಕಾಫಿ ತಂದುಕೊಟ್ಟ, ಮಳೆಯ ಬಗ್ಗೆ, ಗಾಡಿಗಳ ಬಗ್ಗೆ ಮಾತಾಡಿದ. ಮೇಲ್‌ನ ಮಾತೇ ತೆಗೆಯಲಿಲ್ಲ.