ಕಂತು ಇಳಸೋದೋ, ವರ್ಷ ಇಳಸೋದೋ

ಮನಿ ಸಾಲಕ್ಕ ಒಂದಿಷ್ಟು ದೊಡ್ಡ ರೊಕ್ಕ ಒಮ್ಮೆಲೆ ತುಂಬಲಿಕ್ಕೆ ಹೋದ್ರ ಬ್ಯಾಂಕಿನವರು ಒಂದ ಪ್ರಶ್ನಿ ಕೇಳ್ತಾರ: ಕಂತು ಕಡಿಮಿ ಮಾಡೋಣೋ, ಅವಧಿ ಕಡಿಮಿ ಮಾಡೋಣೋ? ಕೆಲವು ಕಡೆ ಕೇಳೋದೂ ಇಲ್ಲ, ಕಂತು ಇದ್ದಷ್ಟೇ ಇಟ್ಟು ತಾವೇ ಅವಧಿ ಇಳಿಸಿಬಿಡ್ತಾರ. ಕಂತು ಇಳೀಬೇಕು ಅಂದ್ರ ನಾವೇ ಬಾಯಿಬಿಟ್ಟು ಕೇಳಿ, ಅರ್ಜಿ ಬರಕೊಡಬೇಕಾಗ್ತದ. ನಾನು ಒಂದು ಪತ್ತಿನ ಸಂಘದಾಗ ಇಪ್ಪತ್ತೆರಡು ವರ್ಷ ಸಾಲದ ಲೆಡ್ಜರ್ ಬರದಾಕಿ. ಹಿಂಗಾಗಿ ನಮ್ಮ ಬಳಗದಾಗ ಯಾರಿಗೆ ಈ ಪ್ರಶ್ನಿ ಬಂದ್ರೂ ಕಾಗದ ಪೆನ್ನು ಹಿಡಕೊಂಡು ನಮ್ಮ ಮನಿಗೇ ಬರ್ತಾರ. ಹೋದ ವರ್ಷ ಅಣ್ಣ ವೈನಿ ಬಂದಿದ್ರು. ಅವರದ ಲೆಕ್ಕಾನ ಇಲ್ಲೆ ಇಡ್ತೀನಿ, ಯಾಕಂದ್ರ ಭಾಳ ಮನಿಗಳ ಪರಿಸ್ಥಿತಿ ಹಿಂಗ ಇರ್ತದ.

ಅಣ್ಣಗ ಆಗ 49 ವರ್ಷ ತುಂಬಿತ್ತು, 60ಕ್ಕ ನಿವೃತ್ತಿ. ಅಂದ್ರ ಪಗಾರ ಬರೋದು ಇನ್ನ 132 ತಿಂಗಳು. ಹುಬ್ಬಳ್ಳಿ ಮನಿ ಮ್ಯಾಲಿನ ಸಾಲ 30 ಲಕ್ಷ ಉಳದಿತ್ತು, ಬಡ್ಡಿ ಶೇಕಡಾ 8.5, ಇನ್ನೂ 180 ತಿಂಗಳು, ಕಂತು 29,542 ರೂಪಾಯಿ. ಒಂದು ವಿಮಾ ಪಾಲಿಸಿ ಮುಗದು ಆರೂವರೆ ಲಕ್ಷ ಕೈಗೆ ಬಂದಿತ್ತು. ಅದರಾಗ ಒಂದೂವರೆ ಲಕ್ಷ ಕಷ್ಟಕಾಲಕ್ಕಂತ ತಗದಿಟ್ಟು ಐದು ಲಕ್ಷ ಸಾಲಕ್ಕ ತುಂಬೋದು ಅಂತ ಇಬ್ಬರೂ ಒಪ್ಪಿದ್ರು. ಒಪ್ಪದಿದ್ದದ್ದು ಮುಂದಿನ ಮಾತು.

ಅಣ್ಣ ಮೊಬೈಲಿನಾಗ ಲೆಕ್ಕ ಹಾಕಿಕೊಂಡೇ ಬಂದಿದ್ದ. ‘ನೋಡ ತಂಗಿ, ಕಂತು ಇಳಿಸಿದ್ರ ಬಡ್ಡಿ ಉಳಿತಾಯ 3,86,000. ಅವಧಿ ಇಳಿಸಿದ್ರ 9,88,000. ಆರು ಲಕ್ಷ ಫರಕ! ಇದರಾಗ ವಿಚಾರ ಮಾಡೋದು ಏನದ?’

ವೈನಿ ಸುಮ್ನ ಕೂತಿದ್ರು. ಆಮ್ಯಾಲೆ ಅಂದ್ರು, ‘ನನ್ನ ಸಾಲಿ ನೌಕರಿ ಪ್ರತಿ ಜೂನಿಗೆ ಹೊಸಾ ಕಾಗದ. ಈ ಸಲ ಕರೀಲಿಲ್ಲ ಅಂದ್ರ 29,542 ಎಲ್ಲಿಂದ ತರೋದು?’

ಇಬ್ಬರ ಮಾತೂ ಖರೇನ. ಆದ್ರ ಅಣ್ಣನ ಆರು ಲಕ್ಷ ಎಲ್ಲಿಂದ ಹುಟ್ಟತದ ಅನ್ನೋದು ಮೊದಲು ತಿಳಕೋಬೇಕು. ಭಾಳ ಮಂದಿ ಅವಧಿ ಇಳಿಸಿದ್ರ ಬ್ಯಾಂಕು ಬಡ್ಡೀನ ಏನೋ ಸೋಡಿ ಬಿಡ್ತದ ಅಂತ ತಿಳಕೊಂಡಿರ್ತಾರ. ಹಂಗೇನಿಲ್ಲ. ಐದು ಲಕ್ಷ ತುಂಬಿದ ಮ್ಯಾಲೆ ಎರಡೂ ದಾರಿಯೊಳಗ ಸಾಲ 25 ಲಕ್ಷಾನ, ಬಡ್ಡಿ ದರ 8.5ನೇ. ಮುಂದಿನ ತಿಂಗಳ ಬಡ್ಡಿ ಎರಡರಾಗೂ 17,708 ರೂಪಾಯಿ, ಒಂದು ಪೈಸಾ ಹೆಚ್ಚಿಲ್ಲ ಕಡಿಮಿಲ್ಲ.

ಫರಕು ಶುರು ಆಗೋದು ಕಂತಿನಾಗ. ಕಂತು ಇಳಿಸಿದ್ರ ಅದು 24,618ಕ್ಕ ಬರ್ತದ, ತಿಂಗಳು ಅವೇ 180. ಅವಧಿ ಇಳಿಸಿದ್ರ ಕಂತು 29,542 ಹಂಗೇ ಇರ್ತದ, 130 ತಿಂಗಳಿಗೆ ಸಾಲ ಮುಗೀತದ. ಅಂದ್ರ ಎರಡನೇ ದಾರಿಯೊಳಗ ನಾವು ತಿಂಗಳಾ 4,924 ರೂಪಾಯಿ ಹೆಚ್ಚಿಗೆ ಕೊಡತೇವಿ, ಅದು ಪೂರಾ ಅಸಲಿಗೆ ಹೋಗ್ತದ. ಅವಧಿ ಇಳಿಸೋದು ಅಂದ್ರ ಪ್ರತಿ ತಿಂಗಳೂ 4,924 ರೂಪಾಯಿ ಮುಂಗಡ ತುಂಬ್ತೀನಿ ಅಂತ ಬ್ಯಾಂಕಿಗೆ ಮಾತು ಕೊಟ್ಟಂಗ. ಆರು ಲಕ್ಷ ಆ ಮಾತಿನ ಫಲ. ಕಂತು ಇಳಿಸಿಕೊಂಡು, ಉಳದ ಅದೇ 4,924 ನಾವೇ ತಿಂಗಳಾ ತಿಂಗಳಾ ಸಾಲಕ್ಕ ತುಂಬಿದ್ರೂ ಸಾಲ ಅದೇ 130ನೇ ತಿಂಗಳಿಗೆ ತೀರತದ, ಬಡ್ಡಿನೂ ಅಷ್ಟೇ ಉಳೀತದ.

ಇದನ್ನ ಕಾಗದದ ಮ್ಯಾಲೆ ಬರದು ತೋರಿಸಿದ ಮ್ಯಾಲೆ ಅಣ್ಣನ ಮಾರಿ ಮ್ಯಾಲಿನ ಗೆಲುವು ಸ್ವಲ್ಪ ಇಳೀತು. ‘ಹಂಗಾದ್ರ ಎರಡೂ ಒಂದೇ ಏನ?’ ಅಂದ.

ಲೆಕ್ಕದಾಗ ಒಂದೇ, ಮನ್ಯಾಗ ಒಂದೇ ಅಲ್ಲ. ಅವಧಿ ಇಳಿಸಿದ್ರ ಆ 4,924 ಕಡ್ಡಾಯ. ಒಂದು ತಿಂಗಳು ಖಾತೆದಾಗ ಕಡಿಮಿ ಬಿದ್ರ ಕಂತು ವಾಪಸ್ ಹೋಗ್ತದ, ದಂಡ ಬೀಳ್ತದ, ಸಿಬಿಲ್ ಅಂಕಕ್ಕ ಪೆಟ್ಟು ಬೀಳ್ತದ. ಆಮ್ಯಾಲೆ ‘ನಮಗ ಕಷ್ಟ ಅದ, ಕಂತು ಇಳಿಸಿ ಅವಧಿ ಉದ್ದ ಮಾಡ್ರಿ’ ಅಂತ ಹೋದ್ರ, ಬ್ಯಾಂಕು ಒಪ್ಪಿದ್ರ ಉಂಟು, ಇಲ್ಲಂದ್ರ ಇಲ್ಲ. ಕಂತು ಇಳಿಸಿಕೊಂಡ್ರ ಅದೇ 4,924 ನಮ್ಮ ಕೈಯಾಗ. ಆದ್ರ ಕೈಯಾಗ ಇದ್ದ ರೊಕ್ಕಕ್ಕ ಕಾಲು ಬರ್ತಾವ, ಅದೂ ಖರೆ. ಅದು ಪ್ರತಿ ತಿಂಗಳು ಖರ್ಚಾಗಿ ಹೋದ್ರ ಅಣ್ಣ ಹೇಳಿದ ಆರು ಲಕ್ಷ ಖರೇನ ಕಳಕೊಂಡಂಗ. ಮ್ಯಾಲಾಗಿ ಸಾಲ 64ನೇ ವಯಸ್ಸಿನ ತನಕ ಎಳೀತದ, ನಾಕು ವರ್ಷ ಪಗಾರ ಇಲ್ಲದ ಕಂತು ಕಟ್ಟಬೇಕು.

ಹಿಂಗಾಗಿ ಈ ಪ್ರಶ್ನಿಗೆ ಉತ್ತರ ಮೊಬೈಲಿನ ಲೆಕ್ಕದಾಗ ಸಿಗೂದಿಲ್ಲ. ಎರಡು ಮಾತು ಕೇಳಕೋಬೇಕು. ಮನ್ಯಾಗ ಒಬ್ಬರ ಪಗಾರ ನಿಂತ್ರ ಈಗಿನ ಕಂತು ಕಟ್ಟಲಿಕ್ಕೆ ಆಗ್ತದೇನು? ಉಳದ ರೊಕ್ಕ ಎತ್ತಿಡೋ ರೂಢಿ ಮನ್ಯಾಗ ಯಾರಿಗರೆ ಅದಯೇನು? ಪಗಾರ ಗಟ್ಟಿ ಇದ್ದು, ಉಳದ ರೊಕ್ಕ ಕೈಯಾಗ ನಿಲ್ಲೂದಿಲ್ಲ ಅನ್ನೋ ಮನಿಗೆ ಅವಧಿ ಇಳಸೋದೇ ಪಾಡು. ಪಗಾರ ಅಲ್ಲಾಡ್ತದ, ಆದ್ರ ಕೈ ಬಿಗಿ ಅದ ಅನ್ನೋ ಮನಿಗೆ ಕಂತು ಇಳಸೋದು ಪಾಡು.

ಅಣ್ಣನ ಕೈಗೆ ಬರೋದು 62,000, ವೈನಿದು 18,000. ವೈನಿ ಪಗಾರ ನಿಂತ್ರ 29,542 ಅಂದ್ರ ಅಣ್ಣನ ಪಗಾರದ ಅರ್ಧದ ಹತ್ತಿರ. 24,618 ಆದ್ರ ರೂಪಾಯಿಗೆ ನಲವತ್ತು ಪೈಸೆ. ಮಗಳು ಆಗಷ್ಟೇ ಎಂಜಿನಿಯರಿಂಗ್ ಸೇರಿದ್ದಳು, ಹಾಸ್ಟೆಲ್ ಬ್ಯಾರೆ. ತಗದಿಟ್ಟ ಒಂದೂವರೆ ಲಕ್ಷ ಇಳಿಸಿದ ಕಂತಿಗೆ ಆರು ತಿಂಗಳು ಬರ್ತದ, ಹಳೇ ಕಂತಿಗೆ ಐದು. ಇನ್ನ ಎತ್ತಿಡೋದರಾಗ ವೈನಿನ ಮೀರಿಸೋರು ನಮ್ಮ ಬಳಗದಾಗ ಇಲ್ಲ. ಹಿಂಗಾಗಿ ಕಂತು ಇಳಸ್ರಿ ಅಂದೆ. ಆದ್ರ 4,924 ರೂಪಾಯಿಗೆ ಆ ದಿನಾನ ಒಂದು ಜಾಗಾ ಗೊತ್ತು ಮಾಡ್ರಿ ಅಂದೆ.

ತಿಂಗಳಾ ತಿಂಗಳಾ ಸಾಲಕ್ಕ ತುಂಬೋದು ಎಲ್ಲಾಕಿಂತ ಚೊಲೋ, ಆದ್ರ ಅವರ ಬ್ಯಾಂಕು ಒಂದು ಕಂತಿಗಿಂತ ಕಡಿಮಿ ಮುಂಗಡ ತಗೋತಿರಲಿಲ್ಲ. ಹಂಗಾಗಿ ವೈನಿ ಹೆಸರಲೇ ಒಂದು ಆರ್‌ಡಿ ತಗದು, ವರ್ಷಕ್ಕೊಮ್ಮೆ ಅದು ಮುಗದಾಗ 60,000 ರೂಪಾಯಿ ಸಾಲಕ್ಕ ತುಂಬೋದು ಅಂತ ಆತು. ಹಂಗ ಮಾಡಿದ್ರ ಸಾಲ 132ನೇ ತಿಂಗಳಿಗೆ ಮುಗೀತದ, ಅವಧಿ ಇಳಿಸಿದ್ದಕ್ಕಿಂತ ಎರಡೇ ತಿಂಗಳು ತಡಾ, ಅಣ್ಣನ ಪಗಾರದ ಕಡೀ ತಿಂಗಳಿಗೆ ಸರಿಯಾಗಿ.

ಇಲ್ಲೆ ಒಂದು ಮುಳ್ಳು ಅದ, ನೋಡ್ಕೋರಿ. ಪ್ರತಿ ವರ್ಷ 60,000 ತುಂಬುವಾಗ ಮತ್ತ ಅದೇ ಪ್ರಶ್ನಿ ಬರ್ತದ. ಆವಾಗ ‘ಅವಧಿ ಇಳಸ್ರಿ’ ಅಂತಾನ ಹೇಳಬೇಕು. ಇಲ್ಲಂದ್ರ ಕಂತು ಮತ್ತ ಇಳೀತದ, ಸಾಲ ಮತ್ತ 180 ತಿಂಗಳ ತನಕ ಹೋಗ್ತದ. ಮೊದಲ ಸಲ ಕಂತು, ಆಮ್ಯಾಲಿನ ಎಲ್ಲಾ ಸಲ ಅವಧಿ. ವೈನಿ ಇದನ್ನ ಪಾಸ್‌ಬುಕ್ಕಿನ ಮ್ಯಾಲೆನೇ ಬರಕೊಂಡ್ರು.

ಅಣ್ಣ ಆ 4,924 ಎಫ್‌ಡಿಯೊಳಗ ಬೆಳಸಿದ್ರ ಹೆಂಗ ಅಂದ. ಸಾಲದ ಬಡ್ಡಿ 8.5 ಇರೋತನಕ, ತೆರಿಗೆ ಹೋಗಿ ಅದಕ್ಕಿಂತ ಹೆಚ್ಚು ಕೈಗೆ ಬಂದ್ರ ಮಾತ್ರ ಅದು ಲಾಭ. ಏಳರ ಎಫ್‌ಡಿ ತೆರಿಗೆ ಕಟ್ಟಿದ ಮ್ಯಾಲೆ ಏಳೂ ಉಳಿಯೂದಿಲ್ಲ. ಆರ್‌ಡಿನೂ ಬರೇ ಒಂದು ವರ್ಷದ ಡಬ್ಬಿ ಇದ್ದಂಗ, ಬೆಳಸೋ ಹೊಲ ಅಲ್ಲ.

ರೊಕ್ಕ ತುಂಬಿದ ಮ್ಯಾಲೆ ಕೆಲಸ ಮುಗೀತು ಅಂತ ಬಿಡಬ್ಯಾಡ್ರಿ. ಕೆಲವೊಮ್ಮೆ ತುಂಬಿದ ರೊಕ್ಕ ಅಸಲಿಗೆ ಹೋಗದ, ಮುಂದಿನ ಕಂತುಗಳ ಮುಂಗಡ ಅಂತ ಸುಮ್ನ ಕೂಡ್ತದ. ಅದನ್ನ ಹಿಡಿಯೋದು ಸೋಪ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಾಗ ಬಡ್ಡಿ ಸಾಲು ನೋಡ್ರಿ. ಅಣ್ಣಂದು ಮೊದಲು 21,250 ಇತ್ತು, ಐದು ಲಕ್ಷ ಅಸಲಿಗೆ ಬಿದ್ರ 17,708ಕ್ಕ ಇಳೀಬೇಕು. ಇಳೀಲಿಲ್ಲ ಅಂದ್ರ ಅವತ್ತೇ ಶಾಖೆಗೆ ಹೋಗ್ರಿ. ನೀವು ತಿಂಗಳ ನಡುವ ತುಂಬಿದ್ರ ಆ ತಿಂಗಳು ಬಡ್ಡಿ ಪೂರಾ ಇಳಿದಿರೂದಿಲ್ಲ, ಅದರ ಮುಂದಿನ ತಿಂಗಳು ನೋಡ್ರಿ. ಕಂತು ಇಳಿಸಿಕೊಂಡವರು ಇನ್ನೊಂದು ನೋಡಬೇಕು: ಖಾತೆಯಿಂದ ಹಳೇ ಕಂತೇ ಕಡೀತದೋ, ಹೊಸಾದೋ ಅಂತ. ಹೊಸಾ ಕಂತಿನ ತಖ್ತೆ ಬರವಣಿಗೆಯಾಗ ಇಸಕೊಂಡು ಇಟ್ಕೋರಿ.

ಇದಕ್ಕೆಲ್ಲಾ ಫೀ ಎಷ್ಟು ಅಂತ ಕೇಳ್ತಾರ. ಬಡ್ಡಿ ದರ ಏರಿಳಿಯೋ, ವ್ಯಕ್ತಿ ಹೆಸರಲೇ ಇರೋ ಮನಿ ಸಾಲಕ್ಕ ಮುಂಗಡ ತುಂಬಿದ್ರ ದಂಡ ಹಾಕಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಅದ. ಸ್ಥಿರ ಬಡ್ಡಿ ಸಾಲ ಇದ್ರ ಮಾತ್ರ ಕರಾರು ಪತ್ರ ಓದಿಯೇ ತುಂಬ್ರಿ. 2023ರ ಆಗಸ್ಟ್‌ನಾಗ ರಿಸರ್ವ್ ಬ್ಯಾಂಕು ಇನ್ನೊಂದು ಮಾತು ಹೇಳ್ಯದ: ಬಡ್ಡಿ ದರ ಬದಲಾದಾಗ ಕಂತು ಏರಿಸೋದೋ, ಅವಧಿ ಏರಿಸೋದೋ, ಎರಡೂ ಸ್ವಲ್ಪ ಸ್ವಲ್ಪೋ ಅಂತ ಆರಿಸಿಕೊಳ್ಳೋ ಅವಕಾಶ ಸಾಲಗಾರರಿಗೆ ಕೊಡಬೇಕು, ಮೂರು ತಿಂಗಳಿಗೊಮ್ಮೆ ಎಷ್ಟು ಅಸಲು ಬಡ್ಡಿ ಬಂತು, ಎಷ್ಟು ಕಂತು ಉಳದಾವ ಅಂತ ತಿಳಿಸಬೇಕು. ಆ ಚೀಟಿಯೊಳಗ ‘ಉಳದ ಕಂತು’ ಅನ್ನೋದನ್ನ ತಪ್ಪದ ನೋಡ್ರಿ. ದರ ಏರಿದಾಗ ಕಂತು ಹಂಗೇ ಇದ್ದು ಸದ್ದಿಲ್ಲದ ಉದ್ದ ಆಗೋದು ಅದೇ.

ಈ ವರ್ಷ ವೈನಿ ಸಾಲಿಯವರು ಬ್ಯಾಸಿಗಿ ಸೂಟಿಯ ಎರಡು ತಿಂಗಳ ಪಗಾರ ಕೊಡಲಿಲ್ಲ. ಆ ಎರಡು ತಿಂಗಳು ಆರ್‌ಡಿ ಕಟ್ಟಲಿಲ್ಲ, ಸಾಲದ ಕಂತು 24,618 ಅಣ್ಣನ ಪಗಾರದಾಗೇ ಹೋತು, ಯಾರ ಮುಂದೂ ಕೈ ಚಾಚಲಿಲ್ಲ. ಆರ್‌ಡಿಯವರು ಸಣ್ಣ ದಂಡ ಹಾಕಿದ್ರು ಅಷ್ಟೇ. ವರ್ಷದ ಕಡೀಗೆ 60,000 ಬದಲಿ 50,000 ತುಂಬಿದ್ರು, ಫಾರ್ಮಿನಾಗ ‘ಅವಧಿ’ ಅಂತ ಗುರುತು ಹಾಕಿ.